ಕಲಿಗೆ ವಿಪರೀತ

ಧಾರವಾಡದ ಬಾಡಿಗೆ ಕೋಣೆಯಲ್ಲಿ ಶಾಂತಾ ಎಂಟನೆಯ ದಿನವೂ ಅದೇ ಸಾಲಿನ ಮುಂದೆ ಕುಳಿತಿದ್ದಳು. ಬರೆದು ಅಳಿಸಿ, ಅಳಿಸಿ ಬರೆದು, ಆ ಒಂದು ಪದದ ಜಾಗದಲ್ಲಿ ಕಾಗದ ಎಷ್ಟು ತೆಳುವಾಗಿತ್ತೆಂದರೆ ಕೆಳಗಿನ ಹಾಳೆಯ ಗೆರೆ ಅದರೊಳಗಿಂದ ಕಾಣುತ್ತಿತ್ತು. ಹಳಗನ್ನಡದ ಪದ್ಯಗಳನ್ನು ಹಿಂದಿ ಓದುಗರಿಗೆ ಕೊಡುವ ಸಂಕಲನ ಅದು. ನಲವತ್ತು ಪದ್ಯಗಳು ಮುಗಿದಿದ್ದವು. ಉಳಿದದ್ದು ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿ ಮಾತ್ರ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಅವಳನ್ನು ಕಾಡಿದ್ದು 'ವಿಪರೀತನ್' ಎಂಬ ಪದ. ಹಿಂದಿಯಲ್ಲಿ ಆ ಪದ ಇಲ್ಲವೆಂದಲ್ಲ, ಇದ್ದೇ ತೊಂದರೆಯಾಗಿತ್ತು. 'ಕಲಿಯುಗ್ ಕೇ ವಿಪರೀತ್' ಎಂದು ಬರೆದರೆ ಎದುರು ದಿಕ್ಕಿಗೆ ಹೋಗುವ ಬಸ್ಸಿನ ನೆನಪಾಗುತ್ತಿತ್ತು. 'ವಿನಾಶಕಾಲೇ ವಿಪರೀತಬುದ್ಧಿಃ' ಎಂಬ ಮಾತು ಎಲ್ಲರ ಬಾಯಲ್ಲೂ ಇರುವುದರಿಂದ ಆ ಪದಕ್ಕೆ ಕೆಡುಕಿನ ವಾಸನೆಯೂ ಅಂಟಿಕೊಂಡಿದೆ. 'ಅಸಾಧಾರಣ' ಎಂದರೆ ವೀರನಿಗೆ ಸನ್ಮಾನಪತ್ರ ಕೊಟ್ಟಂತಾಗುತ್ತಿತ್ತು, ಕಲಿಗೂ ಅವನಿಗೂ ಇರುವ ಸೆಣಸಾಟ ಮಾಯವಾಗುತ್ತಿತ್ತು. ಶಾಸನ ಕೆತ್ತಿಸಿದವರಿಗೆ ಈ ಪದದ ಮೇಲೆ ಎಂಥ ಮೋಹವಿತ್ತೆಂಬುದು ಶಾಂತಾಳಿಗೆ ಗೊತ್ತಿತ್ತು. ಆರಂಭದಲ್ಲೇ ಅರಭಟ್ಟನನ್ನು 'ಶಿಷ್ಟಜನಪ್ರಿಯನ್ ಕಷ್ಟಜನವರ್ಜಿತನ್ ಕಲಿಯುಗವಿಪರೀತನ್' ಎಂದು ಕರೆಯುತ್ತಾರೆ. ಮುಂದೆ, ಕಟ್ಟಿಹಾಕಿದ ಸಿಂಹವನ್ನು 'ನಮಗೇನು ಕೆಟ್ಟೀತು' ಎಂದು ಬಿಟ್ಟವರಂತೆ ಅವನ ಹಗೆಗಳು ಕೆಟ್ಟರು, ಸತ್ತರು ಎನ್ನುವಾಗಲೂ ಅದೇ ಪದ ಬರುತ್ತದೆ. ಒಂದು ಬಂಡೆಯ ಮೇಲೆ ಇಷ್ಟು ಸಲ ಉಳಿಯ ಪೆಟ್ಟು ತಿಂದ ಪದವನ್ನು ಯಾವುದೋ ಒಂದು ಸಮಾನಾರ್ಥಕ ಹಾಕಿ ದಾಟಿಬಿಡಲು ಅವಳ ಮನಸ್ಸು ಒಪ್ಪಲಿಲ್ಲ.

ಸಂಜೆ ಗುಳೇದಗುಡ್ಡದಿಂದ ಅವ್ವನ ಫೋನು ಬಂತು. ಹಿಂದೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಅಪ್ಪ ಖಣ ನೇಯುತ್ತಿದ್ದರು.

"ಇಲ್ಲಿ ವಿಪರೀತ ಬಿಸಲೈತಿ ನೋಡವಾ, ಮಗ್ಗದ ಮುಂದ ಕುಂದ್ರಾಕ ಆಗವಲ್ದು," ಎಂದಳು ಅವ್ವ.

ಶಾಂತಾ ನಕ್ಕು, ತನ್ನ ಕಷ್ಟ ಹೇಳಿಕೊಂಡು, ಪದ್ಯವನ್ನು ಓದಿದಳು. ಅವ್ವ ಎರಡು ಸಲ ಹೇಳಿಸಿಕೊಂಡಳು. ಆಮೇಲೆ, ಯಾರೂ ಕೇಳದಿದ್ದರೂ, ಅದನ್ನು ಬೀಸುಕಲ್ಲಿನ ಪದದ ಧಾಟಿಗೆ ಹಾಕಿ ಹಾಡಿಬಿಟ್ಟಳು. ಬೀಸುವ ಪದಗಳೂ ತ್ರಿಪದಿಯೇ ಆದ್ದರಿಂದ ಸಾವಿರದ ಮುನ್ನೂರು ವರ್ಷದ ಆ ಸಾಲುಗಳು ಅವಳ ಕೊರಳಿನಲ್ಲಿ ಎಲ್ಲೂ ತೊಡಕಲಿಲ್ಲ. ಎರಡನೆಯ ಸಾಲನ್ನು ಹಾಡುಗಾರ್ತಿಯರು ಮಾಡುವಂತೆ ಮತ್ತೆ ಎತ್ತಿಕೊಂಡು, 'ಬಾಧಿಪ್ಪ ಕಲಿಗೆ ಕಲಿಯುಗ' ಎಂದು ಎಳೆದು ಉಸಿರು ನಿಲ್ಲಿಸಿ, ಆಮೇಲೆ 'ವಿಪರೀತನ್' ಎಂದು ಇಳಿಸಿದಳು.

"ಇದರಾಗ ತಿಳೀದಿದ್ದು ಏನೈತಿ?" ಎಂದಳು. "ಸಾಧುಗ ಸಾಧು, ಮಾಧುರ್ಯಕ್ಕ ಮಾಧುರ್ಯ, ಕಲಿಗ ಕಲಿಯುಗ. ಅದೂ ಎಂಥಾ ಕಲಿಯುಗ? ವಿಪರೀತ!"

ಅವ್ವ ಪದವನ್ನು ಒಡೆದ ರೀತಿ ವ್ಯಾಕರಣಕ್ಕೆ ಸಲ್ಲುವುದಿಲ್ಲ. 'ಕಲಿಯುಗವಿಪರೀತನ್' ಒಂದೇ ಸಮಾಸ, ಕಲಿಯುಗದ ನಡೆಗೆ ತಿರುಗಿ ನಿಂತವನು ಎಂದು ಅರ್ಥ. ಆದರೂ ಶಾಂತಾ ಸುಮ್ಮನಾದಳು. ಎಂಟು ದಿನ ಕಣ್ಣಿನಿಂದ ಓದಿದ್ದರಲ್ಲಿ ತಪ್ಪಿಹೋಗಿದ್ದನ್ನು ಈಗ ಕಿವಿ ಹಿಡಿದಿತ್ತು. ಕೊಟ್ಟದ್ದನ್ನೇ ಕೊಡುವ ಎರಡು ಜೋಡಿಗಳನ್ನು ಹೇಳಿ, ಮೂರನೆಯದೂ 'ಕಲಿಗೆ ಕಲಿ' ಎಂದೇ ಬರುವಂತೆ ನಂಬಿಸಿ, ಕವಿ ಕೊನೆಯ ಗಣದಲ್ಲಿ ಸಾಲನ್ನೇ ಹಿಂದಕ್ಕೆ ತಿರುಗಿಸಿದ್ದ. ಪದ ಏನನ್ನು ಹೇಳುತ್ತದೆಯೋ ಅದನ್ನೇ ಮಾಡುತ್ತಲೂ ಇತ್ತು. ಅವಳು ಇಷ್ಟು ದಿನ ಹುಡುಕಿದ್ದು ಅರ್ಥವನ್ನು. ಹುಡುಕಬೇಕಾಗಿದ್ದದ್ದು ಆ ತಿರುವನ್ನು.

ಅವಳಿಗೆ ಶಾಸನದ ಸಿಂಹ ನೆನಪಾಯಿತು. ಬಿಟ್ಟ ಸಿಂಹ ಬಿಟ್ಟವರ ಮೇಲೆಯೇ ತಿರುಗಿಬೀಳುವುದಕ್ಕೆ ಹಿಂದಿಯಲ್ಲಿ 'ಪಲಟನಾ' ಎಂಬ ಸರಳವಾದ ಕ್ರಿಯಾಪದವಿದೆ. ತೆಳುವಾದ ಕಾಗದವನ್ನು ಬದಿಗಿಟ್ಟು, ಹೊಸ ಹಾಳೆಯಲ್ಲಿ 'ಸತಾನೇವಾಲೇ ಕಲಿ ಕೋ ಕಲಿಯುಗ್, ಪಲಟಾ ಹುಆ' ಎಂದು ಬರೆದಳು. ಸಮಾಸ ಒಡೆದಿತ್ತು, 'ವಿಪರೀತನ್' ಎಂಬುದರ ಬಿರುದಿನ ಗತ್ತು ಸ್ವಲ್ಪ ತಗ್ಗಿತ್ತು. ಅದು ಅವಳಿಗೆ ನೋವಾಯಿತು, ಆದರೆ ಅಳಿಸಲಿಲ್ಲ.

"ಅವ್ವಾ, ಇದನ್ನೊಮ್ಮೆ ಕೇಳು," ಎಂದು ಹಿಂದಿಯ ಸಾಲನ್ನು ನಿಧಾನವಾಗಿ ಓದಿದಳು.

ಫೋನಿನಲ್ಲಿ ಸ್ವಲ್ಪ ಹೊತ್ತು ಮಗ್ಗದ ಸಪ್ಪಳವೊಂದೇ ಇತ್ತು.

"ನನಗ ಆ ಮಾತು ತಿಳಿಯಂಗಿಲ್ಲ," ಎಂದಳು ಅವ್ವ. "ಆದ್ರ ಉಸಿರು ಅಲ್ಲೇ ನಿಂತತಿ ನೋಡು."