ಘಟನಾ ವರದಿ: 2ನೇ ಬೇಯಲ್ಲಿ ಓವರ್‌ಹೆಡ್ ಕ್ರೇನ್‌ನಿಂದ ಲೋಡ್ ಬಿದ್ದದ್ದು

ಮೊದಲ ಪಾಳಿ, ಬೆಳಿಗ್ಗೆ 10:40. ಯಾರಿಗೂ ಗಾಯವಾಗಿಲ್ಲ.

10 ಟನ್ ಕ್ರೇನ್‌ನಲ್ಲಿ 6 ಮೀಟರ್ ಉದ್ದದ ಚಾನೆಲ್ ಬಂಡಲ್ ಒಂದನ್ನು ಟ್ರೈಲರ್‌ನಿಂದ ರ‍್ಯಾಕಿಗೆ ಸಾಗಿಸಲಾಗುತ್ತಿತ್ತು. ತೂಕದ ಚೀಟಿಯಂತೆ ಲೋಡ್ 3.8 ಟನ್. ನೆಲದಿಂದ ಸುಮಾರು 1.8 ಮೀಟರ್ ಎತ್ತರದಲ್ಲಿದ್ದಾಗ ಪೂರ್ವ ಬದಿಯ ಸ್ಲಿಂಗ್ ತುಂಡಾಯಿತು. ಆ ತುದಿ ಮೊದಲು ನೆಲಕ್ಕೆ ಬಡಿಯಿತು, ಬಂಡಲ್ ಇನ್ನೊಂದು ಸ್ಲಿಂಗ್‌ನಿಂದಲೂ ಜಾರಿ ಬಿತ್ತು.

ರಿಗ್ಗಿಂಗ್: ಎರಡು ಪಾಲಿಯೆಸ್ಟರ್ ಬೆಲ್ಟ್ ಸ್ಲಿಂಗ್, ನೇರ ಎತ್ತುವಿಕೆಗೆ ತಲಾ 3 ಟನ್, ಚೋಕರ್ ಕಟ್ಟು, ಅಡ್ಡರೇಖೆಗೆ ಅಂದಾಜು 60 ಡಿಗ್ರಿ. ಚೋಕರ್‌ನಲ್ಲಿ ಸಾಮರ್ಥ್ಯ 2.4 ಟನ್ನಿಗೆ ಇಳಿಯುತ್ತದೆ. ಪ್ರತಿ ಸ್ಲಿಂಗ್ ಮೇಲೆ ಬಿದ್ದ ಎಳೆತ ಸುಮಾರು 2.2 ಟನ್. ಅಂದರೆ ಇದು ಓವರ್‌ಲೋಡ್ ಅಲ್ಲ, ಆದರೆ ಹೆಚ್ಚು ಅಂತರವೂ ಉಳಿದಿರಲಿಲ್ಲ. ತುಂಡಾದ ಜಾಗದಲ್ಲಿ ನೂಲು ಎಳೆದು ಹರಿದಂತಿಲ್ಲ, ಕತ್ತರಿಸಿದಂತೆ ನೇರವಾಗಿದೆ. ಚಾನೆಲ್ ಅಂಚಿಗೆ ಕಾರ್ನರ್ ಪ್ಯಾಡ್ ಇಟ್ಟಿರಲಿಲ್ಲ. ಪ್ಯಾಡ್‌ಗಳು ಹತ್ತು ಹೆಜ್ಜೆ ದೂರದ ಪೆಟ್ಟಿಗೆಯಲ್ಲೇ ಇದ್ದವು.

ದೂರ (ಟೇಪ್ ಹಿಡಿದು ಅಳೆದದ್ದು): ಟ್ಯಾಗ್‌ಲೈನ್ ಹಿಡಿದ ಸ್ಲಿಂಗರ್ 2.6 ಮೀಟರ್, ಸಿಗ್ನಲ್‌ಮನ್ 7 ಮೀಟರ್, ಟ್ರೈಲರ್ ಚಾಲಕ 4.5 ಮೀಟರ್. ಚಾಲಕ ಹಳದಿ ಗೆರೆಯೊಳಗೆ ಇರಬಾರದಿತ್ತು. ಉರುಳಿದ ಒಂದು ಚಾನೆಲ್ ಸ್ಲಿಂಗರ್‌ನಿಂದ 1.1 ಮೀಟರ್ ದೂರಕ್ಕೆ ಬಂದು ನಿಂತಿತು. ಲೋಡಿನ ಕೆಳಗೆ ಯಾರೂ ಇರಲಿಲ್ಲ.

ಕ್ರೇನಿನ ಬ್ರೇಕ್, ಹುಕ್, ವೈರ್ ರೋಪ್ ಸರಿಯಿವೆ. ಎರಡೂ ಸ್ಲಿಂಗ್‌ಗಳನ್ನು ಟ್ಯಾಗ್ ಹಾಕಿ ಬೀಗದಲ್ಲಿಡಲಾಗಿದೆ. ತನಿಖೆ ಮುಗಿಯುವವರೆಗೆ ಈ ಬೇಯಲ್ಲಿ ಚಾನೆಲ್ ಎತ್ತಲು ಚೈನ್ ಸ್ಲಿಂಗ್ ಮಾತ್ರ.

— ಯಾರ್ಡ್ ಪಾಳಿ ಮೇಲ್ವಿಚಾರಕ