ಹೋಂಸ್ಟೇ ನೋಂದಣಿ ಕೋರಿ ಅರ್ಜಿ

ಇಂದ,
ಶ್ರೀಮತಿ ಬಿ. ಪಿ. ಗಂಗಮ್ಮ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಯವಕಪಾಡಿ ಗ್ರಾಮ, ಕಕ್ಕಬ್ಬೆ ಅಂಚೆ,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ.

ಗೆ,
ಉಪ ನಿರ್ದೇಶಕರು,
ಪ್ರವಾಸೋದ್ಯಮ ಇಲಾಖೆ,
ಮಡಿಕೇರಿ, ಕೊಡಗು ಜಿಲ್ಲೆ.

ಮಾನ್ಯರೇ,

ವಿಷಯ: ಯವಕಪಾಡಿ ಗ್ರಾಮದಲ್ಲಿರುವ ನಮ್ಮ ವಾಸದ ಮನೆಯ ಮೂರು ಕೊಠಡಿಗಳನ್ನು ಹೋಂಸ್ಟೇ ಆಗಿ ನೋಂದಾಯಿಸುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮತ್ತು ನನ್ನ ಪತಿ, ನಿವೃತ್ತ ಸುಬೇದಾರ್ ಪೂಣಚ್ಚನವರು, ಈ ಮನೆಯಲ್ಲಿ ವರ್ಷವಿಡೀ ವಾಸವಾಗಿದ್ದೇವೆ. ನನಗೆ 62 ವರ್ಷ, ಅವರಿಗೆ 67. ಮಗ ಮತ್ತು ಸೊಸೆ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದು, ಮನೆಯ ಮೇಲ್ಭಾಗದ ಕೊಠಡಿಗಳು ಬಳಕೆಯಿಲ್ಲದೆ ಉಳಿದಿವೆ. ಕಾಫಿ ಮತ್ತು ಕರಿಮೆಣಸಿನ ಆದಾಯ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲವೆಂಬುದು ತಮಗೆ ತಿಳಿದ ವಿಷಯವೇ. ಮನೆಯನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳಲು ಒಂದು ಪೂರಕ ಆದಾಯ ಬೇಕೆಂಬುದೇ ಈ ಅರ್ಜಿಯ ಉದ್ದೇಶ. ಮನೆಯನ್ನು ಗುತ್ತಿಗೆಗೆ ಕೊಡುವ ಅಥವಾ ವ್ಯವಸ್ಥಾಪಕರನ್ನು ನೇಮಿಸಿ ನಾವು ಬೇರೆಡೆ ಇರುವ ಯೋಚನೆ ನಮಗಿಲ್ಲ. ನಾವಿಬ್ಬರೂ ಊರಿನಲ್ಲಿ ಇರದ ದಿನಗಳಲ್ಲಿ ಅತಿಥಿಗಳನ್ನು ಸ್ವೀಕರಿಸುವುದಿಲ್ಲ.

ಮನೆಯು ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಬಂದರೆ ಕಕ್ಕಬ್ಬೆ ಪೇಟೆಯ ಆಚೆ, ತಡಿಯಂಡಮೋಳ್ ಬೆಟ್ಟದ ಕಡೆಗೆ ಹೋಗುವ ರಸ್ತೆಯ ಬಲಬದಿಯಲ್ಲಿದೆ. ನಾಲ್ಕುನಾಡು ಅರಮನೆ ಮತ್ತು ಪಾಡಿ ಇಗ್ಗುತಪ್ಪ ದೇವಾಲಯ ಎರಡೂ ಹತ್ತಿರದಲ್ಲಿವೆ. ಮುಖ್ಯರಸ್ತೆಯಿಂದ ಮನೆಯ ಅಂಗಳದವರೆಗೆ ಸುಮಾರು ಮುನ್ನೂರು ಮೀಟರ್ ಮಣ್ಣಿನ ದಾರಿಯಿದ್ದು, ಮಳೆಗಾಲದಲ್ಲಿ ಅಲ್ಲಿ ಸಣ್ಣ ಕಾರುಗಳು ಏರುವುದಿಲ್ಲ. ಅಂಥ ದಿನಗಳಲ್ಲಿ ಅತಿಥಿಗಳ ವಾಹನವನ್ನು ಕೆಳಗಿನ ನಮ್ಮದೇ ಕಾಫಿ ಕಣದಲ್ಲಿ ನಿಲ್ಲಿಸಿ, ಅವರನ್ನು ನಮ್ಮ ಜೀಪಿನಲ್ಲಿ ಕರೆತರುತ್ತೇವೆ. ಕಣದಲ್ಲಿ ನಾಲ್ಕು ಕಾರುಗಳಿಗೆ ಸ್ಥಳವಿದೆ. ರಸ್ತೆಬದಿಯಲ್ಲಿ ವಾಹನ ನಿಲ್ಲಿಸಲು ಯಾರಿಗೂ ಹೇಳುವುದಿಲ್ಲ.

ಜಾಗದ ದಾಖಲೆಯ ಬಗ್ಗೆ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಮನೆ ನಿಂತಿರುವುದು ಕುಟುಂಬದ ಜಮ್ಮಾ ಹಿಡುವಳಿಗೆ ಸೇರಿದ ಮನೆದಳದಲ್ಲಿ. ಪಹಣಿಯಲ್ಲಿ ಪಟ್ಟೆದಾರರಾಗಿ ನನ್ನ ಪತಿಯ ದೊಡ್ಡಪ್ಪನವರ ಹೆಸರಿದ್ದು, ಅವರ ಜೊತೆ ಇತರ ಹಕ್ಕುದಾರರ ಹೆಸರುಗಳೂ ಇವೆ. ಈ ಕಾರಣಕ್ಕೆ ಅರ್ಜಿ ಹಿಂದಕ್ಕೆ ಬರಬಾರದೆಂದು, ಮನೆಯು ನಮ್ಮ ಪಾಲಿಗೆ ಬಂದಿರುವುದನ್ನು ಮತ್ತು ಹೋಂಸ್ಟೇ ನಡೆಸಲು ತಮ್ಮ ಆಕ್ಷೇಪಣೆ ಇಲ್ಲವೆಂಬುದನ್ನು ಹಕ್ಕುದಾರರೆಲ್ಲರೂ ಸಹಿ ಮಾಡಿ ದೃಢೀಕರಿಸಿದ ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ. ಮನೆ ಕಂದಾಯದ ರಸೀದಿ ಮತ್ತು ವಿದ್ಯುತ್ ಬಿಲ್ಲು ನನ್ನ ಪತಿಯ ಹೆಸರಿನಲ್ಲಿವೆ.

ಇನ್ನು ಕೊಠಡಿಗಳ ವಿವರ. ಮನೆಯಲ್ಲಿ ಒಟ್ಟು ಆರು ಕೊಠಡಿಗಳಿದ್ದು, ಮೂರನ್ನು ಮಾತ್ರ ಅತಿಥಿಗಳಿಗೆ ಮೀಸಲಿಡುತ್ತೇವೆ. ನೆಲಮಾಳಿಗೆಯಲ್ಲದ ಕೆಳ ಅಂತಸ್ತಿನ ಕೊಠಡಿ 14 ಅಡಿ ಉದ್ದ, 12 ಅಡಿ ಅಗಲವಿದೆ. ಎರಡು ಮಂಚ, ಕಪಾಟು, ಮೇಜು ಮತ್ತು ಹೊಂದಿಕೊಂಡ ಸ್ನಾನಗೃಹವಿದೆ. ಮೆಟ್ಟಿಲು ಹತ್ತಲಾಗದವರಿಗೆ ಇದನ್ನೇ ಕೊಡುತ್ತೇವೆ. ಸ್ನಾನಗೃಹದಲ್ಲಿ ಪಾಶ್ಚಾತ್ಯ ಮಾದರಿಯ ಶೌಚಾಲಯವಿದ್ದು, ಗೋಡೆಗೆ ಹಿಡಿಕೆ ಹಾಕಿಸಲಾಗಿದೆ. ಮೇಲಂತಸ್ತಿನ ಎರಡು ಕೊಠಡಿಗಳಲ್ಲಿ ಒಂದು 12 ಅಡಿ ಚೌಕ, ಇನ್ನೊಂದು 18 ಅಡಿಗೆ 12 ಅಡಿ. ದೊಡ್ಡದರಲ್ಲಿ ಮಕ್ಕಳಿರುವ ಕುಟುಂಬ ಉಳಿಯಬಹುದು. ಇವೆರಡಕ್ಕೂ ಪ್ರತ್ಯೇಕ ಸ್ನಾನಗೃಹ ಮತ್ತು ಶೌಚಾಲಯಗಳಿವೆ. ಛಾವಣಿ ಮಂಗಳೂರು ಹೆಂಚಿನದು, ಒಳಗೆ ಮರದ ಹಲಗೆಯ ಮುಚ್ಚಿಗೆಯಿದೆ. ಹವಾನಿಯಂತ್ರಣ ಇಲ್ಲ, ಇಲ್ಲಿನ ಹವೆಗೆ ಅದರ ಅಗತ್ಯವೂ ಇಲ್ಲ. ಒಟ್ಟು ಎಂಟು ಮಂದಿಗಿಂತ ಹೆಚ್ಚು ಅತಿಥಿಗಳನ್ನು ಒಮ್ಮೆಗೆ ಇರಿಸಿಕೊಳ್ಳುವುದಿಲ್ಲ. ಊಟದ ಕೋಣೆ ಮತ್ತು ಮುಂಭಾಗದ ಕೈಸಾಲೆ ನಮ್ಮೊಂದಿಗೆ ಹಂಚಿಕೊಳ್ಳುವಂಥವು.

ಕುಡಿಯುವ ನೀರು ತೆರೆದ ಬಾವಿಯದು. ನೀರಿನ ಪರೀಕ್ಷಾ ವರದಿ ಲಗತ್ತಿಸಿದೆ. ಆದರೂ ಕುದಿಸಿ ಆರಿಸಿದ ನೀರನ್ನೇ ಕೊಡುತ್ತೇವೆ. ಬಿಸಿನೀರಿಗೆ ಸೌರ ಜಲತಾಪಕವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಇರದಿರುವುದರಿಂದ ಆಗ ಸೌದೆಯ ಹಂಡೆಯೇ ಗತಿ. ವಿದ್ಯುತ್ ಹೋದರೆ ದೀಪಗಳಿಗೆ ಇನ್ವರ್ಟರ್ ಇದೆ, ದೀರ್ಘಕಾಲ ಹೋದರೆ ಜನರೇಟರ್. ಮೊಬೈಲ್ ಸಂಪರ್ಕ ಅಂಗಳದಲ್ಲಿ ಮಾತ್ರ ಸಿಗುತ್ತದೆ. ಈ ಎಲ್ಲ ಸಂಗತಿಗಳನ್ನೂ ಕೊಠಡಿ ಕಾಯ್ದಿರಿಸುವ ಮೊದಲೇ ತಿಳಿಸುತ್ತೇವೆ. ಮಳೆಗಾಲದ ಜಿಗಣೆಯ ವಿಷಯವನ್ನೂ ಮುಚ್ಚಿಡುವುದಿಲ್ಲ.

ಊಟವನ್ನು ನಾನೇ ಸಿದ್ಧಪಡಿಸುತ್ತೇನೆ. ಗ್ರಾಮದ ಒಬ್ಬ ಮಹಿಳೆ ಸಹಾಯಕ್ಕಿದ್ದಾರೆ. ಅಕ್ಕಿರೊಟ್ಟಿ, ಕಡಂಬುಟ್ಟು, ನೂಪುಟ್ಟು, ಕಾಲಕ್ಕೆ ತಕ್ಕಂತೆ ಕಣಿಲೆ ಮತ್ತು ಅಣಬೆಯ ಪದಾರ್ಥ, ಕೇಳಿದವರಿಗೆ ಪಂದಿ ಕರಿ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಗಳಲ್ಲಿ ಅಡುಗೆ. ಹೊರಗಿನವರಿಗೆ ಊಟ ಮಾರುವುದಿಲ್ಲ. ಮದ್ಯ ಮಾರಾಟವಿಲ್ಲ. ಮನೆಯಲ್ಲಿ ತಯಾರಿಸಿದ ವೈನ್ ಎಂದು ಯಾವುದನ್ನೂ ಮಾರುವುದಿಲ್ಲ. ಊಟ, ಉಪಾಹಾರ ಸೇರಿ ಒಬ್ಬರಿಗೆ ದಿನಕ್ಕೆ 2,200 ರೂಪಾಯಿ ದರ ನಿಗದಿಪಡಿಸಿದ್ದು, ದರಪಟ್ಟಿಯನ್ನು ಮುಂಬಾಗಿಲಿನ ಬಳಿ ಹಾಕುತ್ತೇವೆ.

ಸುರಕ್ಷತೆಯ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿದೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಈ ಜಿಲ್ಲೆಯಲ್ಲಿ ಇಳಿಜಾರಿನ ಮನೆಯೆಂದರೆ ಯಾರಿಗಾದರೂ ಪ್ರಶ್ನೆ ಏಳುತ್ತದೆ. ನಮ್ಮ ಮನೆ ಬೆಟ್ಟವನ್ನು ಕಡಿದು ಮಾಡಿದ ಜಾಗದಲ್ಲಿಲ್ಲ. ಹಿಂಬದಿಯ ಬರೆಯಲ್ಲಿ ಹಳೆಯ ಮರಗಳು ಹಾಗೆಯೇ ಇವೆ, ಮಳೆನೀರು ಹರಿದುಹೋಗಲು ಚರಂಡಿಯಿದೆ. ಹೋಂಸ್ಟೇಗೆಂದು ಹೊಸದಾಗಿ ಒಂದು ಗುಡಿಸಲನ್ನೂ ಕಟ್ಟುವುದಿಲ್ಲ, ಈಜುಕೊಳ ತೋಡುವುದಿಲ್ಲ. ಜಿಲ್ಲಾಡಳಿತ ಮಳೆಯ ಮುನ್ನೆಚ್ಚರಿಕೆ ನೀಡಿದ ದಿನಗಳಲ್ಲಿ ಬಂದಿರುವ ಅತಿಥಿಗಳ ಹಣವನ್ನು ಹಿಂದಿರುಗಿಸಿ ಕಳುಹಿಸಲು ಸಿದ್ಧರಿದ್ದೇವೆ. ಕಾಡಾನೆಗಳ ಓಡಾಟ ಇರುವುದರಿಂದ ಸಂಜೆ ಆರರ ನಂತರ ತೋಟದೊಳಗೆ ಹೋಗಲು ಯಾರಿಗೂ ಅವಕಾಶವಿಲ್ಲ. ತಡಿಯಂಡಮೋಳ್ ಚಾರಣಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಮನೆಯಲ್ಲಿ ಕುಟುಂಬದ ಕೋವಿಯೊಂದಿದೆ. ಅದರ ವಿನಾಯಿತಿ ಪತ್ರದ ನಕಲನ್ನು ಠಾಣೆಗೆ ಕೊಟ್ಟಿದ್ದು, ಕೋವಿ ಬೀಗ ಹಾಕಿದ ಕಪಾಟಿನಲ್ಲಿರುತ್ತದೆ. ಛಾಯಾಚಿತ್ರಕ್ಕೂ ಅತಿಥಿಗಳ ಕೈಗೆ ಕೊಡುವುದಿಲ್ಲ. ಎರಡು ಅಗ್ನಿಶಾಮಕ ಉಪಕರಣಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಪ್ರವೇಶದ್ವಾರದಲ್ಲಿ ಸಿಸಿಟಿವಿ ಇವೆ.

ಪ್ರತಿ ಅತಿಥಿಯ ಗುರುತಿನ ಚೀಟಿ ಪರಿಶೀಲಿಸಿ, ಹೆಸರು, ವಿಳಾಸ, ವಾಹನದ ಸಂಖ್ಯೆಯನ್ನು ವಹಿಯಲ್ಲಿ ದಾಖಲಿಸುತ್ತೇವೆ. ವಿದೇಶಿಯರು ಬಂದಲ್ಲಿ 24 ಗಂಟೆಯೊಳಗೆ ಸಿ ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸುತ್ತೇವೆ. ಧ್ವನಿವರ್ಧಕಕ್ಕೆ ಹೊತ್ತು ಯಾವುದಾದರೂ ಅವಕಾಶವಿಲ್ಲ. ಹಸಿಕಸ ತೋಟದ ಗೊಬ್ಬರದ ಗುಂಡಿಗೆ, ಒಣಕಸ ಪಂಚಾಯಿತಿಯ ವಾಹನಕ್ಕೆ. ಶೌಚಗುಂಡಿಯು ಬಾವಿಗಿಂತ ತಗ್ಗಿನಲ್ಲಿ, ಸಾಕಷ್ಟು ದೂರದಲ್ಲಿದೆ.

ಪುತ್ತರಿ ಮತ್ತು ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಹಾಗೂ ಕಾರೋಣರಿಗೆ ಕೊಡುವ ದಿನ ನೆಂಟರಿಷ್ಟರೇ ಮನೆ ತುಂಬುವುದರಿಂದ ಕೊಠಡಿಗಳನ್ನು ನೀಡಲಾಗುವುದಿಲ್ಲ. ಇದು ನಿಯಮಗಳಿಗೆ ಅಡ್ಡಿಯಾಗದೆಂದು ಭಾವಿಸಿದ್ದೇನೆ.

ನೋಂದಣಿ ಪತ್ರ ಕೈಸೇರುವವರೆಗೆ ಯಾವ ಅತಿಥಿಯನ್ನೂ ಸ್ವೀಕರಿಸುವುದಿಲ್ಲ, ಜಾಹೀರಾತನ್ನೂ ನೀಡುವುದಿಲ್ಲ. ಆದ್ದರಿಂದ ತಾವು ದಯಮಾಡಿ ಸ್ಥಳ ಪರಿಶೀಲನೆಗೆ ದಿನಾಂಕ ನಿಗದಿಪಡಿಸಿ, ನೋಂದಣಿ ಪತ್ರ ನೀಡಬೇಕೆಂದು ಕೋರುತ್ತೇನೆ. ಡಿಸೆಂಬರ್ ನಡುವಿನಿಂದ ಕಾಫಿ ಕೊಯ್ಲು ಆರಂಭವಾಗಿ ಅಂಗಳದ ತುಂಬ ಕಾಫಿ ಹರಡಿರುವುದರಿಂದ, ಅದಕ್ಕೂ ಮೊದಲು ಪರಿಶೀಲನೆ ನಡೆದರೆ ಅನುಕೂಲ.

ಲಗತ್ತುಗಳು: ಪಹಣಿ ಮತ್ತು ಹಕ್ಕುದಾರರ ಒಪ್ಪಿಗೆ ಪತ್ರ, ಮನೆ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ಗ್ರಾಮ ಪಂಚಾಯಿತಿ ಹಾಗೂ ನಾಪೋಕ್ಲು ಪೊಲೀಸ್ ಠಾಣೆಯ ನಿರಾಕ್ಷೇಪಣಾ ಪತ್ರಗಳು, ಮನೆಯ ನಕ್ಷೆ, ಕೊಠಡಿಗಳ ಛಾಯಾಚಿತ್ರಗಳು, ನೀರಿನ ಪರೀಕ್ಷಾ ವರದಿ, ನಮ್ಮಿಬ್ಬರ ಗುರುತಿನ ಚೀಟಿಗಳ ನಕಲು, ದೂರವಾಣಿ ಸಂಖ್ಯೆಗಳ ಸಹಿತ, ಶುಲ್ಕ ಪಾವತಿಯ ರಸೀದಿ.

ಮೇಲಿನ ವಿವರಗಳೆಲ್ಲವೂ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವೆಂದು ದೃಢೀಕರಿಸುತ್ತೇನೆ.

ವಂದನೆಗಳೊಂದಿಗೆ,

ಸ್ಥಳ: ಯವಕಪಾಡಿ
ದಿನಾಂಕ: 14-10-2024

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬಿ. ಪಿ. ಗಂಗಮ್ಮ