3ನೇ ತರಗತಿಯ ಅಕ್ಕೋರಿಗೆ, ಗವಿಸಿದ್ಧನ ಗುಳಿಗೆ ಮತ್ತು ಊಟದ ಬಗ್ಗೆ

ಭಾಗ್ಯನಗರ, ಕೊಪ್ಪಳ
ಬುಧವಾರ, 3-12-2025

ಅಕ್ಕೋರಿಗೆ ಶರಣು ಶರಣಾರ್ಥಿ.

ಗವಿಸಿದ್ಧ ನಾಳೆ ಗುರುವಾರ, 4ನೇ ತಾರೀಖಿಗೆ ಶಾಲೆಗೆ ಬರುತ್ತಾನೆ. ಅವನಿಗೆ ಬಂದದ್ದು ಗಂಟಲಿನ ಸೋಂಕು. ಶನಿವಾರ ಸಂಜೆ ಕೊಪ್ಪಳದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಗಂಟಲೊಳಗೆ ಬಿಳಿ ಚುಕ್ಕೆ ಎದ್ದಿದ್ದವು, ಕುತ್ತಿಗೆಯಲ್ಲಿ ಗಡ್ಡೆ ಕಟ್ಟಿತ್ತು, ಉಗುಳು ನುಂಗಲಿಕ್ಕೂ ಅಳುತ್ತಿದ್ದ. ಸೋಮವಾರ ರಾತ್ರಿ ಜ್ವರ ಇಳಿಯಿತು, ಆಮೇಲೆ ಮೈ ಬಿಸಿಯಾಗಿಲ್ಲ, ಜ್ವರದ ಔಷಧಿಯನ್ನೂ ಕೊಟ್ಟಿಲ್ಲ. ಗುಳಿಗೆ ಶುರುವಾಗಿ ಒಂದು ಪೂರ್ತಿ ದಿನ ಕಳೆದು, ಜ್ವರವೂ ಬಿಟ್ಟಿದ್ದರೆ ಇವನಿಂದ ಬೇರೆ ಮಕ್ಕಳಿಗೆ ಹರಡುವ ಭಯ ಬಹಳ ಕಡಿಮೆ, ಶಾಲೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಇವತ್ತೊಂದು ದಿನ ಮನೆಯಲ್ಲೇ ಇಟ್ಟುಕೊಂಡೆ. ನಿನ್ನೆ ಹೊತ್ತು ಮುಳುಗುವ ತನಕ ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಕಾಲಲ್ಲಿ ಶಕ್ತಿಯೇ ಇರಲಿಲ್ಲ.

ಅಕ್ಕೋರೆ, ನಿಮ್ಮಿಂದ ನನಗೆ ಮುಖ್ಯವಾಗಿ ಬೇಕಾದದ್ದು ಮಧ್ಯಾಹ್ನ 2 ಗಂಟೆಯ ಗುಳಿಗೆ. ಅಮಾಕ್ಸಿಸಿಲಿನ್ 250, ನೀರಲ್ಲಿ ಕರಗುವ ಗುಳಿಗೆ. 8 ತಾಸಿಗೊಂದರಂತೆ ದಿನಕ್ಕೆ ಮೂರು, ಒಟ್ಟು 10 ದಿನ. ಬೆಳಿಗ್ಗೆ 6 ಗಂಟೆಯದು, ರಾತ್ರಿ 10 ಗಂಟೆಯದು ನಾನೇ ಕೊಡುತ್ತೇನೆ. ನಡುವಿನದು ಶಾಲೆಯ ಹೊತ್ತಿಗೇ ಬರುತ್ತದೆ. ಎರಡು ಗುಳಿಗೆಯ ನಡುವೆ ಬಹಳ ಅಂತರ ಬಿದ್ದರೆ ಮೈಯಲ್ಲಿ ಔಷಧಿಯ ಬಲ ಇಳಿಯುತ್ತದಂತೆ, ಅದಕ್ಕೇ ಸಂಜೆ ಮನೆಗೆ ಬಂದ ಮೇಲೆ ಕೊಟ್ಟರಾಯಿತು ಅನ್ನುವ ಹಾಗಿಲ್ಲ.

ಗುರುವಾರ, ಶುಕ್ರವಾರ, ಬರುವ ಸೋಮವಾರ, ಮಂಗಳವಾರ, ಈ ನಾಲ್ಕು ದಿನ ಶಾಲೆಯಲ್ಲಿ ಕೊಡಬೇಕಾಗುತ್ತದೆ. ಶನಿವಾರ ಬೆಳಗಿನ ಶಾಲೆ, ಭಾನುವಾರ ರಜೆ, ಆ ಎರಡು ದಿನ ಮನೆಯಲ್ಲೇ ಆಗುತ್ತದೆ. ಶನಿವಾರ 29ನೇ ತಾರೀಖು ರಾತ್ರಿ 10ಕ್ಕೆ ಶುರು ಮಾಡಿದ್ದರಿಂದ ಕೊನೆಯ ಗುಳಿಗೆ ಮಂಗಳವಾರ 9ನೇ ತಾರೀಖು ಮಧ್ಯಾಹ್ನ 2ಕ್ಕೆ, ಅಂದರೆ ನಿಮ್ಮ ಕೈಯಿಂದಲೇ ಮುಗಿಯುತ್ತದೆ.

ದಿನಕ್ಕೆ ಒಂದೇ ಗುಳಿಗೆ ಕಳಿಸುತ್ತೇನೆ, ಪಟ್ಟಿಯಿಂದ ಬಿಡಿಸದೆ, ಹೆಸರು ಬರೆದ ಸಣ್ಣ ಡಬ್ಬಿಯಲ್ಲಿ. ಡಾಕ್ಟರ ಚೀಟಿಯ ಜೆರಾಕ್ಸ್ ಇದರ ಜೊತೆಗಿದೆ, ನಿಮ್ಮ ಹತ್ತಿರವೇ ಇರಲಿ. ಡಬ್ಬಿಯನ್ನು ಪ್ರಾರ್ಥನೆ ಮುಗಿದ ಕೂಡಲೇ ನಿಮ್ಮ ಕೈಗೆ ಕೊಡಲು ಅವನಿಗೆ ಹೇಳಿದ್ದೇನೆ. ಅವನ ಚೀಲದಲ್ಲಿ ಬಿಡಬೇಡಿ, ಪೆಪ್ಪರ್‌ಮಿಂಟ್ ಅಂದುಕೊಂಡು ಯಾವುದಾದರೂ ಮಗು ಬಾಯಿಗೆ ಹಾಕಿಕೊಂಡೀತು. ಲೋಟದಲ್ಲಿ ಎರಡು ಚಮಚದಷ್ಟು ನೀರು ಹಾಕಿ ಗುಳಿಗೆ ಬಿಟ್ಟರೆ ತಾನೇ ಕರಗುತ್ತದೆ. ಕರಗಿದ ಕೂಡಲೇ ಕುಡಿಯಬೇಕು. ತಳದಲ್ಲಿ ಪುಡಿ ಉಳಿಯುತ್ತದೆ, ಇನ್ನಷ್ಟು ನೀರು ಹಾಕಿ ತೊಳೆದು ಅದನ್ನೂ ಕುಡಿಸಿ. ಲೋಟ, ಚಮಚ, ಕಾಯಿಸಿ ಆರಿಸಿದ ನೀರಿನ ಬಾಟಲಿ ನಾನೇ ಕಳಿಸುತ್ತೇನೆ. ಸ್ವಲ್ಪ ದಿನ ಅವನ ಲೋಟದಲ್ಲಿ ಬೇರೆ ಮಕ್ಕಳು ನೀರು ಕುಡಿಯದ ಹಾಗೆ ನೋಡಿಕೊಳ್ಳಿ.

10-15 ನಿಮಿಷ ಹೆಚ್ಚುಕಡಿಮೆ ಆದರೆ ಚಿಂತೆಯಿಲ್ಲ. 2 ಗಂಟೆಗೆ ಮರೆತು 3 ಗಂಟೆಗೆ ನೆನಪಾದರೆ ಆಗಲೇ ಕೊಟ್ಟುಬಿಡಿ. ಅಂದು ಪೂರ್ತಿ ತಪ್ಪಿಹೋದರೆ ಡಬ್ಬಿಯಲ್ಲಿ ಹಾಗೇ ವಾಪಸ್ ಕಳಿಸಿ, ಮನೆಗೆ ಬಂದ ತಕ್ಷಣ ಕೊಡುತ್ತೇನೆ. ಎರಡು ಗುಳಿಗೆ ಒಟ್ಟಿಗೆ ಮಾತ್ರ ಕೊಡುವ ಹಾಗಿಲ್ಲ. ಕೊಟ್ಟ ದಿನ ಡೈರಿಯಲ್ಲಿ ಹೊತ್ತು ಬರೆದು ಒಂದು ಸಹಿ ಹಾಕಿದರೆ ಸಾಕು, ರಾತ್ರಿಯ ಗುಳಿಗೆಗೆ ನಾನು ಅದನ್ನೇ ನೋಡುತ್ತೇನೆ.

ಊಟದ ವಿಷಯ. ಬರೀ ಹೊಟ್ಟೆಯಲ್ಲಿ ತೆಗೆದುಕೊಂಡಾಗ ಒಮ್ಮೆ ವಾಂತಿ ಮಾಡಿಕೊಂಡ, ಆದ್ದರಿಂದ ಬಿಸಿಯೂಟ ಉಂಡ ಮೇಲೆಯೇ ಕೊಡಿ. 1:30ಕ್ಕೆ ಊಟಕ್ಕೆ ಕೂತರೆ 2 ಗಂಟೆಗೆ ಸರಿಹೋಗುತ್ತದೆ. ಗಂಟಲು ಇನ್ನೂ ಪೂರ್ತಿ ವಾಸಿಯಾಗಿಲ್ಲ, ದೊಡ್ಡ ತುತ್ತು ಇಳಿಯುವುದಿಲ್ಲ. ಅನ್ನವನ್ನು ಸಾಂಬಾರಿನಲ್ಲಿ ಚೆನ್ನಾಗಿ ಕಲಸಿಕೊಂಡು ಉಣ್ಣಲಿ, ನಿಧಾನವಾಗಿ ಉಂಡರೆ ಅವಸರ ಮಾಡಿಸಬೇಡಿ. ತಟ್ಟೆಯಲ್ಲಿ ಅರ್ಧ ಬಿಟ್ಟರೂ ಬೈಯಬೇಡಿ, ಸಂಜೆ ಮನೆಯಲ್ಲಿ ಮತ್ತೆ ಉಣಿಸುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಬಾಳೆಹಣ್ಣು ಕೊಡುವ ದಿನ ಕೊಡಿ, ಇಲ್ಲದಿದ್ದರೆ ನಾನೇ ಒಂದು ಕಳಿಸಿರುತ್ತೇನೆ. ಬೆಳಿಗ್ಗೆ ಕೊಡುವ ಹಾಲು, ರಾಗಿ ಮಾಲ್ಟ್ ಎರಡನ್ನೂ ಕುಡಿಯಬಹುದು. ಕೆಲವು ಔಷಧಿಗೆ ಹಾಲು ಆಗುವುದಿಲ್ಲ, ಇದಕ್ಕೆ ಅಡ್ಡಿಯಿಲ್ಲವೆಂದು ಡಾಕ್ಟರನ್ನು ಕೇಳಿಯೇ ಬಂದಿದ್ದೇನೆ. ಬೆಳಗಿನ ತಿಂಡಿ ಈಗ ಕಡಿಮೆಯಾಗಿರುವುದರಿಂದ ಚಿಕ್ಕ ಡಬ್ಬಿಯಲ್ಲಿ ಮೆತ್ತಗಿನ ಉಪ್ಪಿಟ್ಟೋ ಇಡ್ಲಿಯೋ ಹಾಕಿರುತ್ತೇನೆ, ಸಣ್ಣ ಬಿಡುವಿನಲ್ಲಿ ತಿನ್ನಲು ಬಿಡಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಇದು ಮುಗಿಯುವ ತನಕ ತಡೆಯಿರಿ, ಡಾಕ್ಟರು ಹಾಗೇ ಹೇಳಿದ್ದಾರೆ.

ಎರಡು ದಿನದಲ್ಲಿ ಅವನು ಅಂಗಳದಲ್ಲಿ ಓಡಾಡುವುದನ್ನು ನೋಡಿದರೆ ಇವನಿಗೆ ಇನ್ನೇಕೆ ಗುಳಿಗೆ ಅನ್ನಿಸಬಹುದು. ಮನೆಯಲ್ಲಿ ನಮ್ಮ ಅತ್ತೆಯೂ ಅದನ್ನೇ ಅನ್ನುತ್ತಿದ್ದಾರೆ. ಆದರೆ ಈ ಸೋಂಕು ನೋವು ಹೋದ ಮೇಲೂ ಗಂಟಲಲ್ಲಿ ಉಳಿದಿರುತ್ತದಂತೆ. ಅರ್ಧಕ್ಕೆ ಬಿಟ್ಟರೆ ಕೆಲವು ಮಕ್ಕಳಿಗೆ ಕೆಲವು ವಾರದ ಮೇಲೆ ಕೀಲು ಬಾತು ಜ್ವರ ಬಂದು ಹೃದಯದ ಕವಾಟಕ್ಕೆ ಪೆಟ್ಟಾಗುತ್ತದೆ. ನಮ್ಮ ಓಣಿಯಲ್ಲಿ ಹಾಗಾದ ಒಬ್ಬ ಹುಡುಗಿ ಇದ್ದಾಳೆ, ಮೂರು ವಾರಕ್ಕೊಮ್ಮೆ ಸೂಜಿ ಮಾಡಿಸಿಕೊಳ್ಳಲು ದವಾಖಾನೆಗೆ ಹೋಗುತ್ತಾಳೆ. ಅವಳ ತಾಯಿಯ ಮುಖ ನಾನು ದಿನಾ ನೋಡುತ್ತೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಕ್ಕೋರೆ, ನಿಮಗೆ 40 ಮಕ್ಕಳ ಕೆಲಸ ಇರುತ್ತದೆಂದು ತಿಳಿದೂ.

ಈ ಗುಳಿಗೆ ಇವನಿಗೆ ಮೊದಲೂ ಆಗಿದೆ, ತೊಂದರೆ ಆಗಿಲ್ಲ. ಆದರೂ ಮೈಮೇಲೆ ದದ್ದು ಎದ್ದರೆ ಮುಂದಿನ ಗುಳಿಗೆ ಕೊಡದೆ ನನಗೆ ಫೋನ್ ಮಾಡಿ. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ನನ್ನ ದಾರಿ ಕಾಯಬೇಡಿ, ಮೊದಲು 108ಕ್ಕೆ ಫೋನ್ ಮಾಡಿ. ಗುಳಿಗೆ ಕುಡಿದ ಮೇಲೆ ವಾಂತಿಯಾದರೆ ಮತ್ತೊಂದು ಕೊಡುವುದು ಬೇಡ, ನನಗೆ ತಿಳಿಸಿ. ಹೊಟ್ಟೆ ಸ್ವಲ್ಪ ಸಡಿಲಾಗಿದೆ, ಪಾಠದ ನಡುವೆ ಕೈ ಎತ್ತಿದರೆ ಕೂಡಲೇ ಬಿಡಿ. ಕೇಳಲು ನಾಚಿಕೊಳ್ಳುತ್ತಾನೆ.

ನಾನು ಕೂದಲು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ, ಆದರೆ ಜಾಗ ಇಲ್ಲೇ ಭಾಗ್ಯನಗರದಲ್ಲಿ. ಫೋನ್ ಬಂದರೆ ತೆಗೆಯಲು ಮಾಲೀಕರಿಗೆ ಹೇಳಿ ಒಪ್ಪಿಸಿಕೊಂಡಿದ್ದೇನೆ, ಹತ್ತು ನಿಮಿಷದಲ್ಲಿ ಶಾಲೆಗೆ ಬರುತ್ತೇನೆ. ನಂಬರು ಡೈರಿಯ ಮೊದಲ ಪುಟದಲ್ಲಿದೆ. ನಾನು ಸಿಗದಿದ್ದರೆ ಅದರ ಕೆಳಗಿರುವುದು ಗವಿಸಿದ್ಧನ ತಂದೆಯದು.

ಶಾಲೆಯಲ್ಲಿ ಗುಳಿಗೆ ಕೊಡಲು ನನ್ನ ಪೂರ್ಣ ಒಪ್ಪಿಗೆ ಇದೆ, ಇದನ್ನೇ ಒಪ್ಪಿಗೆ ಪತ್ರವೆಂದು ತಿಳಿಯಿರಿ. ಹೆಡ್‌ಮಾಸ್ತರರಿಗೂ ಒಮ್ಮೆ ತೋರಿಸಿಬಿಡಿ. ನಿಮಗೆ ಕೊಡಲು ಆಗದು ಅನ್ನುವುದಿದ್ದರೆ ಸಂಕೋಚ ಬೇಡ, ಈ ಚೀಟಿ ತಂದ ಹುಡುಗಿಯ ಕೈಯಲ್ಲೇ ಹೇಳಿ ಕಳಿಸಿ, 2 ಗಂಟೆಗೆ ನಾನೇ ಬಂದು ಕುಡಿಸಿ ಹೋಗುತ್ತೇನೆ.

ಸೋಮವಾರದ ತನಕ ಆಟದ ಪಿರಿಯಡ್‌ನಲ್ಲಿ ನೆರಳಲ್ಲಿ ಕೂರಿಸಿ. ತಪ್ಪಿದ ಪಾಠಗಳನ್ನು ಭಾನುವಾರ ಕೂರಿಸಿ ಬರೆಸುತ್ತೇನೆ, ಯಾವ ಪುಟದಿಂದ ಯಾವ ಪುಟದ ತನಕ ಎಂದು ಡೈರಿಯಲ್ಲಿ ಬರೆದು ಕಳಿಸಿ. ಬುಧವಾರ 10ನೇ ತಾರೀಖು ಬೆಳಿಗ್ಗೆ ಡಾಕ್ಟರಿಗೆ ಮತ್ತೆ ತೋರಿಸುವುದಿದೆ, ಅಂದು ಮೊದಲ ಪಿರಿಯಡ್ ಮುಗಿದ ಮೇಲೆ ಕರೆತಂದು ಬಿಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಶರಣಮ್ಮ
(ಗವಿಸಿದ್ಧನ ತಾಯಿ)